ಒಂದೇ ನಿಮಿಷಕ್ಕೆ ಏಳು ಪೋಸ್ಟ್: ತೊಗರಿ ಚಾನೆಲ್ ರಿಪೇರಿಯ ದಿನಚರಿ

ಡಿಸೆಂಬರ್ 5

ಬೆಳಿಗ್ಗೆ 9:20ಕ್ಕೆ ಗಂಜ್ ಕಡೆ ಕರೆಂಟ್ ಹೋಯಿತು. ಬಂದದ್ದು ಮಧ್ಯಾಹ್ನ 1:40ಕ್ಕೆ. ಝೆರಾಕ್ಸ್ ಮೆಷಿನ್ ಇನ್ನೂ ಬಿಸಿಯಾಗುತ್ತಿತ್ತು, ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಮತ್ತೆ. ಎದುರಿನ ಅಡತಿ ಅಂಗಡಿಯ ಕಟ್ಟೆ ಮೇಲೆ ಕೂತಿದ್ದ ನಾಲ್ಕೈದು ರೈತರ ಫೋನುಗಳೂ ಅದೇ ಹೊತ್ತಿಗೆ ಬಡಿದುಕೊಳ್ಳತೊಡಗಿದವು. ಅವರಲ್ಲೊಬ್ಬರು ಫೋನ್ ತೆಗೆದು, ನನ್ನ ಕಡೆ ನೋಡಿ, "ಏನ್ ತಮ್ಮಾ, ನಿನ್ನ ತೊಗರಿಗೆ ಹುಚ್ಚು ಹಿಡದದೇನು? ಒಂದೇ ಸಮ ಹೊಡ್ಕೋಲತ್ತದ" ಅಂದರು. ಅಂದವರೇ ನನ್ನ ಕಣ್ಣೆದುರಿಗೇ ಬೆರಳಿಟ್ಟು ಮ್ಯೂಟ್ ಮಾಡಿದರು.

ಹಿನ್ನೆಲೆ ಇಷ್ಟು. ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಟೇಬಲ್ ಕೆಳಗೆ ಹಳೆಯ ಡೆಸ್ಕ್‌ಟಾಪ್ ಒಂದು ಹಗಲು ರಾತ್ರಿ ಓಡುತ್ತಿರುತ್ತದೆ. ಅದರಲ್ಲಿ ಪೈಥಾನಿನ ಪುಟ್ಟ ಪ್ರೋಗ್ರಾಮು, ಅದರ ಹಿಂದೆ ಟೆಲಿಗ್ರಾಮ್ ಬಾಟ್, ಬಾಟ್ ಹಿಂದೆ ತೊಗರಿ ಬೆಳೆಗಾರರ ಚಾನೆಲ್. ಜೇವರ್ಗಿ, ಚಿತ್ತಾಪುರ, ಸೇಡಂ, ಆಳಂದ ಕಡೆಯ 2,340 ಮಂದಿ ಅದರಲ್ಲಿದ್ದಾರೆ. ಬರೆಯುವವರು ಮೂವರು. ಹವಾಮಾನ ಮತ್ತು ಗಂಜಿನ ರೇಟು ನನ್ನದು. ಕೃಷಿ ಓದಿಕೊಂಡಿರುವ ನಮ್ಮ ಅಕ್ಕ ಕಾಯಿಕೊರಕ, ನೆಟೆರೋಗ, ಔಷಧಿ ವಿಷಯ ನೋಡಿಕೊಳ್ಳುತ್ತಾಳೆ. ಅಡತಿ ಅಂಗಡಿಯ ಕಾಕಾ ಬೇರೆ ಊರಿನ ರೇಟು ತರುತ್ತಾನೆ, ಜತೆಗೆ ತನ್ನ ಗೋಣಿಚೀಲ, ತಾಡಪತ್ರಿ ಜಾಹೀರಾತನ್ನೂ ಮೆಲ್ಲಗೆ ತೂರಿಸುತ್ತಾನೆ. ಮೂವರೂ ಪೋಸ್ಟ್ ಬರೆದು ಸಮಯ ಹಾಕಿ ಸಾಲಿಗೆ ಬಿಡುತ್ತೇವೆ. ಆ ಸಮಯ ಬಂದಾಗ ಬಾಟ್ ಕಳಿಸುತ್ತದೆ.

ಇವತ್ತು ಆಗಿದ್ದೇನೆಂದರೆ, ಕರೆಂಟ್ ಇಲ್ಲದ ನಾಲ್ಕು ತಾಸಿನಲ್ಲಿ ಹೋಗಬೇಕಿದ್ದ ಏಳು ಪೋಸ್ಟುಗಳು ಸಾಲಿನಲ್ಲೇ ಕೂತಿದ್ದವು. ಕಂಪ್ಯೂಟರ್ ಎದ್ದ ಕೂಡಲೇ ಪ್ರೋಗ್ರಾಮು "ಸಮಯ ಮೀರಿದ್ದೆಲ್ಲಾ ಕಳಿಸು" ಎಂಬ ತನ್ನ ಧರ್ಮ ಪಾಲಿಸಿತು. ಏಳೂ ಒಂದೇ ನಿಮಿಷದೊಳಗೆ ಹೋದವು. ಅದರಲ್ಲಿ ಒಂದು, "ಇಂದು ಬೆಳಿಗ್ಗೆ ಮಂಜು ಇರಲಿದೆ" ಎಂಬುದು. ಹೊತ್ತು ಮಧ್ಯಾಹ್ನ ಎರಡಾಗಿತ್ತು. ಇನ್ವರ್ಟರಿನ ಬ್ಯಾಟರಿ ಸತ್ತು ಆರು ತಿಂಗಳಾಗಿದೆ, ಅದು ನನ್ನದೇ ತಪ್ಪು.

ರಾತ್ರಿ ಎಣಿಸಿದೆ. 58 ಮಂದಿ ಚಾನೆಲ್ ಬಿಟ್ಟಿದ್ದಾರೆ. ಮಾಮೂಲಿ ದಿನಕ್ಕೆ ಮೂರೋ ನಾಲ್ಕೋ ಹೋಗುತ್ತಿದ್ದರು.

ಡಿಸೆಂಬರ್ 6

ಮೊದಲ ರಿಪೇರಿ ಹತ್ತು ನಿಮಿಷದ್ದು. ಸಾಲಿನಲ್ಲಿರುವುದನ್ನೆಲ್ಲಾ ಸುತ್ತುವ ಲೂಪನ್ನು ಕಿತ್ತು, ಒಂದು ಸಲಕ್ಕೆ ಒಂದೇ ಪೋಸ್ಟ್ ತೆಗೆದುಕೊಳ್ಳುವಂತೆ `LIMIT 1` ಹಾಕಿದೆ. `cron` ಪ್ರೋಗ್ರಾಮನ್ನು ಐದು ನಿಮಿಷಕ್ಕೊಮ್ಮೆ ಎಬ್ಬಿಸುತ್ತದೆ. ಹಾಗಾಗಿ ನಿನ್ನೆಯಂಥದ್ದು ಮತ್ತೆ ಆದರೂ ಏಳು ಪೋಸ್ಟ್ ಒಂದು ನಿಮಿಷದ ಬದಲು ಅರ್ಧ ತಾಸಿನಲ್ಲಿ ಹೋಗುತ್ತವೆ. ಇದು ಔಷಧಿಯಲ್ಲ, ನೋವು ಸ್ವಲ್ಪ ಹರಡಿದಂತೆ ಅಷ್ಟೇ. ಎರಡು ಪೋಸ್ಟಿನ ನಡುವೆ ಎಷ್ಟು ಹೊತ್ತು ಬಿಡಬೇಕು, ದಿನಕ್ಕೆ ಎಷ್ಟು ಸಾಕು, ಇವೆರಡನ್ನೂ ಊಹೆ ಮೇಲೆ ಹಾಕುವ ಮನಸ್ಸಿಲ್ಲ. ಮೊದಲು ಅಳೆಯಬೇಕು.

ಏನನ್ನು ಅಳೆಯುವುದು? ಪೋಸ್ಟಿನ ಕೆಳಗೆ ಕಣ್ಣಿನ ಚಿತ್ರದ ಪಕ್ಕ ಬರುವ ಸಂಖ್ಯೆಯನ್ನೇ ನೋಡೋಣ ಎಂದು ಮೊದಲು ಹೊರಟೆ. ನಿನ್ನೆಯ ಏಳೂ ಪೋಸ್ಟುಗಳಿಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ! ಮಂಜಿನ ಪೋಸ್ಟಿಗೂ ರೇಟಿನಷ್ಟೇ ಜನ. ಸ್ವಲ್ಪ ಯೋಚಿಸಿದಾಗ ತಿಳಿಯಿತು. ಯಾರಾದರೂ ಚಾನೆಲ್ ತೆರೆದು ಕೆಳಗೆ ಎಳೆದುಕೊಂಡು ಹೋದರೆ, ಪರದೆ ಮೇಲೆ ಹಾದುಹೋದ ಪ್ರತಿ ಪೋಸ್ಟಿಗೂ ಒಂದೊಂದು ಎಣಿಕೆ ಬೀಳುತ್ತದೆ. ಓದಿದನೋ, ಬೈದುಕೊಂಡು ದಾಟಿದನೋ ಅದಕ್ಕೆ ಗೊತ್ತಾಗುವುದಿಲ್ಲ. ಒತ್ತೊತ್ತಾಗಿ ಹಾಕಿದ ಪೋಸ್ಟುಗಳಿಗೆ ಈ ಸಂಖ್ಯೆ ಸುಳ್ಳು ಸಮಾಧಾನ ಕೊಡುತ್ತದೆ. ಬೇಸರ ಕಾಣುವುದು ಬೇರೆ ಕಡೆ: ಬಿಟ್ಟು ಹೋದವರಲ್ಲಿ, ಮ್ಯೂಟ್ ಮಾಡಿದವರಲ್ಲಿ.

ಮ್ಯೂಟಿನ ಲೆಕ್ಕ ಚಾನೆಲ್ಲಿನ ಅಂಕಿಅಂಶದ ಪುಟದಲ್ಲಿ ಗ್ರಾಫಾಗಿ ಸಿಗುತ್ತದೆ, ಬಾಟ್‌ಗೆ ಸಿಗುವುದಿಲ್ಲ. ಬಿಟ್ಟು ಹೋದವರ ಸುದ್ದಿ ಮಾತ್ರ ಬಾಟ್‌ಗೂ ಬರುತ್ತದೆ, ಆದರೆ ಕೇಳಿದರೆ ಮಾತ್ರ. ಬಾಟ್ ಚಾನೆಲ್ಲಿನ ಅಡ್ಮಿನ್ ಆಗಿರಬೇಕು. ಜತೆಗೆ `chat_member` ಎಂಬ ಸುದ್ದಿ ಬೇಕೆಂದು ಹೆಸರು ಹಿಡಿದು ಕೇಳಬೇಕು, ತಾನಾಗಿ ಅದು ಕಳಿಸುವುದಿಲ್ಲ.

```python
params = {"offset": last + 1, "timeout": 50,
          "allowed_updates": '["message","chat_member"]'}
```

`new_chat_member` ಒಳಗಿನ `status` ಎಂಬುದು `left` ಆಗಿದ್ದರೆ ಒಬ್ಬರು ಹೋದರು ಎಂದು ಅರ್ಥ. ನಾನು ಬರೆದಿಟ್ಟುಕೊಳ್ಳುವುದು ಎರಡೇ: ಹೋದ ಸಮಯ, ಅದಕ್ಕೆ ಹಿಂದಿನ 24 ತಾಸಿನಲ್ಲಿ ನಾವು ಎಷ್ಟು ಪೋಸ್ಟ್ ಹಾಕಿದ್ದೆವು ಎಂಬುದು. ಯಾರು ಹೋದರು ಎಂಬುದನ್ನು ಬರೆಯುವುದಿಲ್ಲ. ಗೊತ್ತಾದರೆ ಕಾಕಾ ಫೋನ್ ಮಾಡಿ "ಯಾಕ್ ಬಿಟ್ರಿ" ಅಂತ ಕೇಳುತ್ತಾನೆ. ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ.

ಡಿಸೆಂಬರ್ 9

ಅಂತರದ ಲೆಕ್ಕ. ಒಂದು ಪೋಸ್ಟ್ ತನಗೆ ಬರಬೇಕಾದ ಕಣ್ಣುಗಳಲ್ಲಿ ಅರ್ಧದಷ್ಟನ್ನಾದರೂ ಪಡೆಯುವ ಮೊದಲೇ ಇನ್ನೊಂದನ್ನು ಅದರ ತಲೆ ಮೇಲೆ ಹೇರಬಾರದು. ಇದು ನಾನು ಇಟ್ಟುಕೊಂಡ ಅಳತೆಗೋಲು. ಒಂಟಿ ಪೋಸ್ಟಿಗೆ ಕಣ್ಣಿನ ಎಣಿಕೆಯನ್ನು ನಂಬಬಹುದು, ಒತ್ತಾಗಿದ್ದಾಗಲೇ ಅದು ಕೆಡುವುದು. ಆದ್ದರಿಂದ ಮೂರು ದಿನ ಪೋಸ್ಟುಗಳನ್ನು ಬೇಕೆಂದೇ ದೂರದೂರ ಹಾಕಿ, ಕಾಲು ತಾಸಿಗೊಮ್ಮೆ ಸಂಖ್ಯೆ ನೋಡಿ ಝೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬರೆದೆ.

ಅಕ್ಕನ ಕಾಯಿಕೊರಕದ ಪೋಸ್ಟ್ ಬೆಳಿಗ್ಗೆ ಹತ್ತಕ್ಕೆ ಹೋಯಿತು. 15 ನಿಮಿಷಕ್ಕೆ 210, ಅರ್ಧ ತಾಸಿಗೆ 360, ಒಂದು ತಾಸಿಗೆ 540, ಎರಡು ತಾಸಿಗೆ 700. ಮರುದಿನ ಹತ್ತಕ್ಕೆ ನೋಡಿದರೆ 1.2K. ಸಾವಿರ ದಾಟಿದ ಮೇಲೆ ಟೆಲಿಗ್ರಾಮ್ ದುಂಡಾಗಿ ತೋರಿಸುತ್ತದೆ, ಇರಲಿ. ಅದರ ಅರ್ಧ 600 ಎಂದು ಹಿಡಿದರೆ ಅಲ್ಲಿಗೆ ಮುಟ್ಟಲು ಸುಮಾರು ಒಂದೂಕಾಲು ತಾಸು ಹಿಡಿದಿದೆ. ನಸುಕಿನ ಹವಾಮಾನದ ಪೋಸ್ಟಿಗೆ ಇನ್ನೂ ನಿಧಾನ, ಒಂದೂವರೆ ತಾಸು. ಆದರೆ ಮಧ್ಯಾಹ್ನದ ರೇಟಿಗೆ? 25 ನಿಮಿಷಕ್ಕೇ ಅರ್ಧ ಮುಗಿದಿತ್ತು. ಅವತ್ತಿನ ರೇಟು ಗೊತ್ತಾಗುವ ಟೆಂಡರ್ ಬಿಡುವುದನ್ನೇ ಕಾಯುತ್ತಾ ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತಾರೆ.

ಮೂರರಲ್ಲಿ ನಿಧಾನದ್ದನ್ನೇ ಹಿಡಿದು ಅಂತರ 90 ನಿಮಿಷ ಎಂದು ಇಟ್ಟೆ. ಸರಾಸರಿ ಹಿಡಿಯಬಹುದಿತ್ತು. ಹಾಗೆ ಮಾಡಿದರೆ ಬೆಳಗಿನ ಪೋಸ್ಟ್ ಪ್ರತಿ ದಿನ ಹೂತುಹೋಗುತ್ತದೆ.

ಡಿಸೆಂಬರ್ 12

ಅಂತರ ಸಿಕ್ಕಿತಲ್ಲ, ಮಿತಿಯೂ ತಾನಾಗೇ ಸಿಗುತ್ತದೆ ಎಂದುಕೊಂಡಿದ್ದೆ. ನಸುಕಿನ ಐದರಿಂದ ರಾತ್ರಿ ಒಂಬತ್ತರವರೆಗೆ 16 ತಾಸು, 90 ನಿಮಿಷಕ್ಕೊಂದು ಅಂದರೆ ಹನ್ನೊಂದು ಪೋಸ್ಟ್. ಇದನ್ನು ಹೇಳಿದಾಗ ಅಕ್ಕ ನಕ್ಕಳು. "ಬಸ್ ಸ್ಟ್ಯಾಂಡಿನಾಗ ತಾಸಿಗೊಂದು ಬಸ್ ಬಿಡ್ಲಿಕ್ಕೆ ಜಾಗ ಅದ ಅಂತ ತಾಸಿಗೊಂದು ಬಸ್ ತುಂಬ್ತದೇನೋ?" ಅಂದಳು. ಮಾತು ಖರೆ. ಅಂತರದಿಂದ ಸಿಗುವುದು ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಎಷ್ಟು ಸಹಿಸುತ್ತಾರೆ ಎಂಬುದು ಬೇರೆ ಲೆಕ್ಕ, ಅದಕ್ಕೆ ಬಿಟ್ಟು ಹೋದವರನ್ನೇ ಕೇಳಬೇಕು.

ಹಾಗಾಗಿ ಒಂದು ವಾರ ದಿನದ ಮಿತಿ 7, ಮರುವಾರ 4, ಮತ್ತೆ 7, ಮತ್ತೆ 4. ಹೀಗೆ ಆರು ವಾರ. ಮೂರು ವಾರ ಒಂದು, ಮುಂದಿನ ಮೂರು ವಾರ ಇನ್ನೊಂದು ಎಂದು ಮಾಡಲಿಲ್ಲ, ಅದಕ್ಕೆ ಕಾರಣವಿದೆ. ಡಿಸೆಂಬರಿನಲ್ಲಿ ರಾಶಿ ಶುರುವಾಗುತ್ತದೆ, ಜನವರಿ ಮುಗಿಯುವ ಹೊತ್ತಿಗೆ ಬಹಳ ಮಂದಿ ತೊಗರಿ ಮಾರಿ ಮುಗಿಸಿರುತ್ತಾರೆ. ಮಾರಿದವನಿಗೆ ರೇಟಿನ ಚಾನೆಲ್ ಯಾಕೆ? ನಾವು ಏನೂ ತಪ್ಪು ಮಾಡದಿದ್ದರೂ ಅವನು ಹೋಗುತ್ತಾನೆ. ವಾರ ಬಿಟ್ಟು ವಾರ ಬದಲಿಸಿದರೆ ಆ ಇಳಿಜಾರು ಎರಡೂ ಕಡೆಗೆ ಹಂಚಿಹೋಗುತ್ತದೆ.

ಮಿತಿಯ ಕೋಡ್ ಇವತ್ತೇ ಬರೆದೆ. ಇವತ್ತು ಕಳಿಸಿದ್ದು ಎಷ್ಟು ಎಂದು ಎಣಿಸು, ಮಿತಿ ಮುಟ್ಟಿದ್ದರೆ ಸುಮ್ಮನಿರು. ಇಷ್ಟು ಸರಳವಾದದ್ದರಲ್ಲಿ ಏನು ಕೆಡಲು ಸಾಧ್ಯ?

ಡಿಸೆಂಬರ್ 20

ಎರಡು ಕೆಟ್ಟಿವೆ.

ಮೊದಲನೆಯದು ರೇಟಿನದು. ಮೊನ್ನೆ 1:50ಕ್ಕೆ ಕಾಕಾನ ಗೋಣಿಚೀಲದ ಪೋಸ್ಟ್ ಹೋಯಿತು. 2:20ಕ್ಕೆ ಟೆಂಡರ್ ಬಿಟ್ಟರು, ನಾನು ರೇಟ್ ಹಾಕಿದೆ. ಬಾಟ್ 90 ನಿಮಿಷದ ನಿಯಮ ನೋಡಿ ಅದನ್ನು ಹಿಡಿದಿಟ್ಟುಕೊಂಡಿತು. ರೇಟ್ ಹೋದದ್ದು 3:20ಕ್ಕೆ. ಒಂದು ತಾಸಿನ ಹಳೆಯ ರೇಟು ಯಾರಿಗೆ ಬೇಕು? ಚೀಲದ ಜಾಹೀರಾತಿನ ಮರ್ಯಾದೆ ಕಾಯಲು ರೇಟು ಬಾಗಿಲಲ್ಲಿ ನಿಂತಂತಾಯಿತು. ಅಂತರದ ನಿಯಮವನ್ನು ಎಲ್ಲಕ್ಕೂ ಒಂದೇ ಸಮ ಹಾಕಿದರೆ ಪೆಟ್ಟು ಬೀಳುವುದು ಹೊತ್ತಿಗೆ ಸರಿಯಾಗಿ ಬರಬೇಕಾದ ಪೋಸ್ಟಿಗೇ.

ರೇಟಿಗೆ ಅಂತರದಿಂದ ವಿನಾಯಿತಿ ಕೊಟ್ಟೆ. ಅದಷ್ಟೇ ಸಾಲದು. ವಿನಾಯಿತಿ ಕೊಟ್ಟರೆ ಚೀಲ 1:50ಕ್ಕೆ, ರೇಟ್ 2:20ಕ್ಕೆ, ಮತ್ತೆ ಒತ್ತೊತ್ತು. ಆದ್ದರಿಂದ ಮಧ್ಯಾಹ್ನ ಒಂದರ ನಂತರ ರೇಟ್ ಹೋಗುವ ತನಕ ಬೇರೆ ಯಾವುದೂ ಹೋಗಬಾರದು ಎಂದೂ ಬರೆದೆ. ಗಂಜಿಗೆ ರಜೆಯಿದ್ದು ರೇಟೇ ಬರದ ದಿನ ಇಡೀ ಸಾಲು ನಿಂತುಬಿಡುತ್ತದಲ್ಲ, ಅದಕ್ಕೆ ನಾಲ್ಕು ಗಂಟೆಗೆ ತಡೆ ತಾನಾಗಿ ತೆರವಾಗುತ್ತದೆ.

ಎರಡನೆಯದು ನಸುಕಿನ ಹವಾಮಾನದ್ದು. ಅದು 5:15ಕ್ಕೆ ಹೋಗಬೇಕು. ಕೆಲವು ದಿನ ಸರಿಯಾಗಿ 5:15ಕ್ಕೆ ಹೋಗುತ್ತದೆ, ಕೆಲವು ದಿನ 5:30ಕ್ಕೆ. 5:20 ಇಲ್ಲ, 5:25 ಇಲ್ಲ, ತಡವಾದರೆ ಸರಿಯಾಗಿ 5:30. ಅದೂ ಹಿಂದಿನ ದಿನ ಏಳೂ ಪೋಸ್ಟ್ ಹೋಗಿದ್ದರೆ ಮಾತ್ರ. ಚಹಾ ಕುಡಿಯುತ್ತಾ ಆ ಐದೂವರೆಯನ್ನೇ ದಿಟ್ಟಿಸಿದೆ. ಭಾರತದ ಗಡಿಯಾರ ಯುಟಿಸಿ ಎಂಬ ಜಾಗತಿಕ ಗಡಿಯಾರಕ್ಕಿಂತ ಮುಂದಿರುವುದು ಸರಿಯಾಗಿ ಐದೂವರೆ ತಾಸು. ಪೋಸ್ಟುಗಳ ಲೆಕ್ಕ ಇಡುವ ಡೇಟಾಬೇಸ್ ಎಸ್‌ಕ್ಯೂಲೈಟ್‌ನ `date('now')` ಕೊಡುವುದು ಯುಟಿಸಿ ದಿನಾಂಕವನ್ನು. ನನ್ನ ಬಾಟ್ ಪಾಲಿಗೆ ಕಲಬುರಗಿಯಲ್ಲಿ ದಿನ ಬದಲಾಗುತ್ತಿದ್ದದ್ದು ನಸುಕಿನ 5:30ಕ್ಕೆ. 5:15ರ ಪೋಸ್ಟ್ ನಿನ್ನೆಯ ಲೆಕ್ಕಕ್ಕೆ ಬೀಳುತ್ತಿತ್ತು, ನಿನ್ನೆಯ ಕೋಟಾ ಮುಗಿದಿದ್ದರೆ ಕಾಲು ತಾಸು ಕಾಯುತ್ತಿತ್ತು. ಐದೂವರೆಯ ಮುಂಚೆ ಏನೂ ಕಳಿಸದವರಿಗೆ ಈ ತಪ್ಪು ವರ್ಷಗಟ್ಟಲೆ ಕಾಣದೇ ಇರಬಹುದು.

ದಿನಾಂಕದ ಗೋಜೇ ಬೇಡವೆಂದು, "ಹಿಂದಿನ 24 ತಾಸಿನಲ್ಲಿ ಎಷ್ಟು ಹೋದವು" ಎಂದು ಎಣಿಸುವಂತೆ ಬದಲಿಸಿದೆ.

ಡಿಸೆಂಬರ್ 28

ಜಾಣತನ ಮಾಡಲು ಹೋಗಿ ಇನ್ನೊಂದು ಗುಂಡಿಗೆ ಬಿದ್ದೆ. ಈ ವಾರ ಮಿತಿ 4. ಹವಾಮಾನದ ಪೋಸ್ಟ್ ಸೋಮವಾರ 5:15ಕ್ಕೆ, ಮಂಗಳವಾರ 5:20ಕ್ಕೆ, ಬುಧವಾರ 5:25ಕ್ಕೆ, ಗುರುವಾರ 5:25, ಶುಕ್ರವಾರ 5:30. ಮುಂದೆ ಮುಂದೆ ಜಾರುತ್ತದೆ, ಹಿಂದಕ್ಕೆ ಮಾತ್ರ ಬರುವುದಿಲ್ಲ.

ಕಾರಣ ಸೆಕೆಂಡುಗಳದ್ದು. ಸೋಮವಾರದ ಪೋಸ್ಟ್ ಹೋದದ್ದು 5:15:04ಕ್ಕೆ. ಮಂಗಳವಾರ ಬಾಟ್ ಎದ್ದು ನೋಡಿದ್ದು 5:15:02ಕ್ಕೆ. ಅಲ್ಲಿಂದ 24 ತಾಸು ಹಿಂದಕ್ಕೆ ಹೋದರೆ ಸೋಮವಾರದ ಪೋಸ್ಟ್ ಎರಡೇ ಸೆಕೆಂಡಿನ ಅಂತರದಲ್ಲಿ ಇನ್ನೂ ಕಿಟಕಿಯೊಳಗೇ ಇದೆ. ನಾಲ್ಕು ತುಂಬಿದೆ, ಕಾಯಿ. ಐದು ನಿಮಿಷ ಬಿಟ್ಟು 5:20ಕ್ಕೆ ಮತ್ತೆ ಎದ್ದಾಗ ಕಳಿಸಿತು. ಮರುದಿನ ಅದೇ ಆಟ 5:20ರಿಂದ ಶುರು. ಕೋಟಾ ತುಂಬುತ್ತಿರುವಷ್ಟು ದಿನ ಹೀಗೆ ಜಾರುತ್ತಲೇ ಇರುತ್ತದೆ.

ಕಿಟಕಿಯನ್ನು 23 ತಾಸಿಗೆ ಇಳಿಸಿದರೂ ಸರಿಹೋಗುತ್ತಿತ್ತು. ಆದರೆ ರಾತ್ರಿ ಒಂಬತ್ತರಿಂದ ನಸುಕಿನ ಐದರವರೆಗೆ ನಾವು ಹೇಗೂ ಬಾಯಿ ಮುಚ್ಚಿಕೊಂಡಿರುತ್ತೇವೆ. ರಾತ್ರಿ ನಾಲ್ಕು, ಬೆಳಿಗ್ಗೆ ನಾಲ್ಕು ಎಂದು ಎರಡು ದಿನದ ಕೋಟಾ ಒಟ್ಟಿಗೆ ಬೀಳುವ ಭಯವಿಲ್ಲ. ಹಾಗಾಗಿ ದಿನದ ಲೆಕ್ಕಕ್ಕೇ ವಾಪಸ್ ಬಂದೆ, ನಮ್ಮ ದಿನ ಮಾತ್ರ ನಸುಕಿನ ನಾಲ್ಕಕ್ಕೆ ಶುರು. ಐದೂವರೆ ತಾಸು ಕೂಡಿಸಿ ನಾಲ್ಕು ತಾಸು ಕಳೆದರೆ ಉಳಿಯುವುದು 90 ನಿಮಿಷ. ಅಂತರವೂ 90 ಆಗಿದೆ, ಎರಡಕ್ಕೂ ಸಂಬಂಧವಿಲ್ಲ ಎಂದು ಕೋಡಿನಲ್ಲೇ ಬರೆದಿಟ್ಟೆ, ಇಲ್ಲದಿದ್ದರೆ ಮುಂದಿನ ವರ್ಷ ನಾನೇ ಗಲಿಬಿಲಿಯಾಗುತ್ತೇನೆ.

```sql
-- ದಿನ ನಸುಕಿನ 4ಕ್ಕೆ ಶುರು: +5:30 ಕಳೆ 4:00 = 90 ನಿಮಿಷ. GAPಗೂ ಇದಕ್ಕೂ ಸಂಬಂಧವಿಲ್ಲ
SELECT COUNT(*) FROM sent
WHERE date(sent_at, '+90 minutes') = date('now', '+90 minutes');
```

ಇದೇ ವಾರ ಕಂಡ ಇನ್ನೊಂದು: ಮಿತಿ ನಾಲ್ಕಾದಾಗ 5:15, 6:45, 8:15, 9:45 ಎಂದು ಅಂತರ ತಪ್ಪದೆ ನಾಲ್ಕೂ ಬೆಳಿಗ್ಗೆ ಹತ್ತರೊಳಗೇ ಮುಗಿದವು. ಮೂವರೂ "ಬೆಳಿಗ್ಗೆ ಹೋಗಲಿ" ಎಂದೇ ಸಮಯ ಹಾಕುತ್ತೇವೆ, ಅದೇ ರೋಗ. ಮಂಗಳವಾರ ರೇಟಿಗೆ ಕೋಟಾ ಉಳಿಯದೆ ಕೈಯಾರೆ ಕಳಿಸಬೇಕಾಯಿತು. ಈಗ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ರೇಟಿಗೆ ಒಂದು ಸೀಟು ಹಿಡಿದಿಟ್ಟಿದ್ದೇನೆ. ಅದು ಹೋಗುವ ತನಕ ಉಳಿದವರಿಗೆ ಮೂರೇ.

ಜನವರಿ 8

ಮಿತಿ ಹಾಕಿದ ಮೇಲೆ ಸಾಲು ಬೆಳೆಯುತ್ತದೆ. ಇದು ನನಗೆ ತಡವಾಗಿ ಹೊಳೆಯಿತು. ದಿನಕ್ಕೆ ಆರು ಬರೆದು ನಾಲ್ಕು ಕಳಿಸಿದರೆ ಎರಡು ನಾಳೆಗೆ. ಹತ್ತು ದಿನಕ್ಕೆ ಇಪ್ಪತ್ತು ಬಾಕಿ. ಕೆಲವು ದಿನದ ಹಿಂದೆ ನೋಡಿದರೆ ಸಾಲಿನ ಮುಂದೆ ಕೂತಿದ್ದದ್ದು ಮೂರು ದಿನ ಹಳೆಯ ಯಾದಗಿರಿ ರೇಟು. ಮುಂದೂಡುವುದರಿಂದ ಏನೂ ಬಗೆಹರಿಯುವುದಿಲ್ಲ, ಕೆಲವು ಸಾಯಬೇಕು.

ಪ್ರತಿ ಪೋಸ್ಟಿಗೆ ಆಯುಷ್ಯ ಕೊಟ್ಟೆ. ಹವಾಮಾನ ಬೆಳಿಗ್ಗೆ ಒಂಬತ್ತರವರೆಗೆ, ರೇಟು ಸಂಜೆ ಆರರವರೆಗೆ, ಜಾಹೀರಾತು ಅವತ್ತಿನ ರಾತ್ರಿ ಒಂಬತ್ತರವರೆಗೆ, ರೋಗ-ಕೀಟದ್ದು ಮೂರು ದಿನ, ಸರ್ಕಾರಿ ಯೋಜನೆಯ ಸುದ್ದಿ ಒಂದು ವಾರ. ಆಯುಷ್ಯ ಮುಗಿದರೆ ಕಳಿಸದೆ ಬಿಡು, ಬಿಟ್ಟದ್ದನ್ನು ಲಾಗಿನಲ್ಲಿ ಬರೆ. ಡಿಸೆಂಬರ್ 5ರ ಮಂಜಿನ ಪೋಸ್ಟಿಗೂ ಇದೇ ಮದ್ದಾಗಿತ್ತು.

ಇದರಲ್ಲೂ ಒಂದು ಎಡವಟ್ಟು. ಮೊದಲು ಸಾಯುವುದನ್ನು ಮೊದಲು ಕಳಿಸು ಎಂದು ಬರೆದಿದ್ದೆ, ಕೇಳಲಿಕ್ಕೆ ನ್ಯಾಯವಾಗೇ ಇತ್ತು. ಅದರ ಪರಿಣಾಮ, ಒಂದೇ ದಿನದ ಆಯುಷ್ಯವಿರುವ ತಾಡಪತ್ರಿ ಜಾಹೀರಾತು ಮೂರು ದಿನದ ಆಯುಷ್ಯದ ಅಕ್ಕನ ಪೋಸ್ಟನ್ನು ಎರಡು ದಿನ ಹಿಂದೆ ತಳ್ಳಿತು. ಅಕ್ಕ ಬರೆದದ್ದು ಹೊಸ ತೊಗರಿಯನ್ನು ಚೀಲ ಕಟ್ಟುವ ಮೊದಲು ಎಷ್ಟು ಒಣಗಿಸಬೇಕು, ಹುಳ ಬೀಳದಂತೆ ಹೇಗಿಡಬೇಕು ಎಂಬುದರ ಬಗ್ಗೆ. ಅವಳ ಫೋನ್ ಬಂತು. "ಚೀಲ ಕಟ್ಟಿ ಮುಗದ ಮ್ಯಾಲ ಒಣಗ್ಸೋದು ಹೇಳ್ತಿಯೇನು?" ಈಗ ಮೊದಲು ದರ್ಜೆ ನೋಡುತ್ತದೆ, ಒಂದೇ ದರ್ಜೆಯವು ಎರಡಿದ್ದರೆ ಮಾತ್ರ ಆಯುಷ್ಯ ನೋಡುತ್ತದೆ. ಜಾಹೀರಾತಿಗೆ ಕೊನೆಯ ದರ್ಜೆ.

ಬಾಕಿ ಕರಗಿಸಲು ನಿಜವಾಗಿ ಉಪಯೋಗಕ್ಕೆ ಬಂದದ್ದು ಮಾತ್ರ ಇದ್ಯಾವುದೂ ಅಲ್ಲ, ತಿದ್ದುಪಡಿ. ಮೊದಲು ಕಲಬುರಗಿ ರೇಟ್ ಒಂದು ಪೋಸ್ಟ್, ಸೇಡಂದು ಇನ್ನೊಂದು, ಯಾದಗಿರಿಯದು ಮತ್ತೊಂದು. ಈಗ ಕಲಬುರಗಿಯದು ಹೋದ ಮೇಲೆ ಉಳಿದ ಊರಿನದು ಬಂದ ಹಾಗೆ `editMessageText` ಬಳಸಿ ಅದೇ ಪೋಸ್ಟಿನ ಕೆಳಗೆ ಸಾಲು ಸೇರಿಸುತ್ತದೆ. ತಿದ್ದಿದಾಗ ಯಾರ ಫೋನೂ ಸದ್ದು ಮಾಡುವುದಿಲ್ಲ, ಕೋಟಾದಲ್ಲೂ ಒಂದೇ ಲೆಕ್ಕ. ಬೇಕಾದವನು ಸಂಜೆ ಮತ್ತೆ ತೆರೆದು ನೋಡುತ್ತಾನೆ. ತಿದ್ದಿದ ಸಮಯವನ್ನು ಸಾಲಿನ ಮುಂದೆ ಬರೆಯಬೇಕು, ಇಲ್ಲದಿದ್ದರೆ ಯಾವುದು ಹೊಸದು ತಿಳಿಯುವುದಿಲ್ಲ. ಇದೊಂದರಿಂದಲೇ ದಿನಕ್ಕೆ ಎರಡು ಪೋಸ್ಟ್ ಉಳಿದವು.

ಹವಾಮಾನದ ಪೋಸ್ಟಿಗೆ `disable_notification` ಹಾಕಿದ್ದೇನೆ. ನಸುಕಿನಲ್ಲಿ ಏಳುವ ರೈತ ತಾನೇ ನೋಡುತ್ತಾನೆ, ಅವನ ಸೊಸೆಯನ್ನೂ ಕೂಸನ್ನೂ ನಾನು ಎಬ್ಬಿಸಬೇಕಿಲ್ಲ.

ಜನವರಿ 26

ಆರು ವಾರ ಮುಗಿಯಿತು. ಮಿತಿ 7 ಇದ್ದ ಮೂರು ವಾರಗಳಲ್ಲಿ ಬಿಟ್ಟು ಹೋದವರು 41, 44, 36. ಮಿತಿ 4 ಇದ್ದ ವಾರಗಳಲ್ಲಿ 17, 21, 15. ಆ 36 ಸಂಕ್ರಾಂತಿ ವಾರದ್ದು, ಹಬ್ಬದಲ್ಲಿ ನಾವೇ ಹೆಚ್ಚು ಬರೆದಿರಲಿಲ್ಲ. ಮಿತಿ ಏಳೆಂದರೆ ದಿನಾ ಏಳು ಹೋದವು ಎಂದಲ್ಲ, ಸರಾಸರಿ ಐದೂಮುಕ್ಕಾಲು ಹೋಗುತ್ತಿತ್ತು.

ಇಷ್ಟು ಸಣ್ಣ ಸಂಖ್ಯೆಗಳಲ್ಲಿ 17ಕ್ಕೂ 21ಕ್ಕೂ ನಡುವೆ ಅರ್ಥ ಹುಡುಕಬಾರದು, ಹಳ್ಳಿಯಲ್ಲೊಂದು ಮನೆಯವರು ಒಟ್ಟಿಗೆ ಬಿಟ್ಟರೂ ನಾಲ್ಕಾಗುತ್ತದೆ. ಆದರೆ 7ರ ಅತಿ ಒಳ್ಳೆಯ ವಾರವೂ 4ರ ಅತಿ ಕೆಟ್ಟ ವಾರಕ್ಕಿಂತ ಎಷ್ಟೋ ಕೆಟ್ಟದಾಗಿದೆ. ಎರಡು ಗುಂಪುಗಳು ಎಲ್ಲೂ ತಾಕುವುದಿಲ್ಲ. ನನಗೆ ಅಷ್ಟು ಸಾಕು.

ಕಾಕಾ ಸುಲಭಕ್ಕೆ ಒಪ್ಪುವವನಲ್ಲ. "ಮಂದಿ ಹೋಗ್ಲಿ ಬಿಡು, ಏಳು ಹಾಕಿದ್ರ ಏಳು ಸುದ್ದಿ ಮುಟ್ತಾವಲ್ಲ" ಎಂದ. ಅವನಿಗಾಗಿ ಫಾರ್ವರ್ಡ್ ಲೆಕ್ಕ ತೆಗೆದೆ. ವಾರದ ಒಟ್ಟು ಫಾರ್ವರ್ಡ್ ಎರಡೂ ಬಗೆಯ ವಾರಗಳಲ್ಲಿ ಹೆಚ್ಚುಕಡಿಮೆ ಒಂದೇ. ಜನ ಬೇರೆಯವರಿಗೆ ಕಳಿಸುವುದು ರೇಟು ಮತ್ತು ಅಕ್ಕನ ಪೋಸ್ಟ್, ಅವೆರಡೂ ನಾಲ್ಕರೊಳಗೇ ಇವೆ. ಐದನೆಯದು, ಆರನೆಯದು, ಏಳನೆಯದು ಯಾರ ಕೈಗೂ ದಾಟಿಲ್ಲ.

ಫೆಬ್ರುವರಿ 2

ನಾಲ್ಕರಿಂದ ಲಾಭವಾಯಿತು, ಮೂರಾದರೆ ಇನ್ನೂ ಒಳ್ಳೆಯದೇ? ಒಂದು ವಾರ 3 ಇಟ್ಟು ನೋಡಿದೆ. ಬಿಟ್ಟವರು 16. ನಾಲ್ಕಕ್ಕೂ ಮೂರಕ್ಕೂ ವ್ಯತ್ಯಾಸವಿಲ್ಲ. ಈ ಹದಿನೈದಿಪ್ಪತ್ತು ಮಂದಿ ತೊಗರಿ ಮಾರಿ ಮುಗಿಸಿದವರು, ಫೋನ್ ಬದಲಿಸಿದವರು ಇರಬೇಕು. ನಾವು ಬಾಯಿ ಮುಚ್ಚಿದರೂ ಹೋಗುವವರು. ನಾಲ್ಕಕ್ಕೇ ನಿಲ್ಲಿಸಿದೆ.

ಕೊನೆಗೆ ಉಳಿದದ್ದು ಇಷ್ಟೇ ಕೋಡ್:

```python
CAP, GAP = 4, timedelta(minutes=90)

def decide(now, p):
    if now >= p.expires:           return "drop"
    if p.kind in ("rate", "alarm"): return "send"
    if quiet(now):                 return "wait"
    seats = CAP if rate_done(now) else CAP - 1
    if sent_today(now) >= seats:   return "wait"
    if hold_for_rate(now):         return "wait"
    if now - last_sent() < GAP:    return "wait"
    return "send"
```

`alarm` ಎಂಬುದು ಕಣದಲ್ಲಿ ರಾಶಿ ಬಿದ್ದಿರುವಾಗ ಮಳೆ ಬರುವ ಸೂಚನೆ ಇದ್ದರೆ, ಗಂಜ್ ದಿಢೀರನೆ ಬಂದ್ ಆದರೆ. ಅದಕ್ಕೆ ಅಂತರವಿಲ್ಲ, ರಾತ್ರಿಯ ಮೌನವೂ ಇಲ್ಲ, ಆದರೆ ದಿನದ ಲೆಕ್ಕಕ್ಕೆ ಸೇರುತ್ತದೆ. ಮೊದಲ ವಾರ ಆ ಗುರುತು ಹಾಕುವ ಅಧಿಕಾರ ಮೂವರಿಗೂ ಇತ್ತು. ಐದು ದಿನದಲ್ಲಿ ನಾಲ್ಕು ಅಲಾರ್ಮ್ ಬಂದವು, ಅದರಲ್ಲೊಂದು "ತಾಡಪತ್ರಿ ಸ್ಟಾಕ್ ಮುಗಿಯುತ್ತಿದೆ". ಈಗ ಆ ಗುರುತು ನನ್ನ ಫೋನಿನಿಂದ ಮಾತ್ರ.

ಹೊಸ ಇನ್ವರ್ಟರ್ ಬ್ಯಾಟರಿ ಬಂತು. ಆದರೂ ಒಮ್ಮೆ ಬೇಕೆಂದೇ ಪ್ಲಗ್ ಕಿತ್ತು, ಪರೀಕ್ಷೆಯ ಖಾಲಿ ಚಾನೆಲ್‌ಗೆ ತಿರುಗಿಸಿ, ಡಿಸೆಂಬರ್ 5ರ ಸಾಲನ್ನೇ ಹಾಕಿ 1:40ಕ್ಕೆ ಎಬ್ಬಿಸಿ ನೋಡಿದೆ. ಮಂಜಿನ ಪೋಸ್ಟ್ ಸತ್ತಿತು. ರೇಟಿಗಾಗಿ ಉಳಿದವು ಕಾದವು. 2:20ಕ್ಕೆ ರೇಟ್ ಹಾಕಿದೆ, ಕೂಡಲೇ ಹೋಯಿತು. ಆಮೇಲೆ 3:50ಕ್ಕೆ ಒಂದು, 5:20ಕ್ಕೆ ಒಂದು. ಕರೆಂಟ್ ಹೋಗುವ ಮುಂಚೆಯೇ ಹೋದ ನಸುಕಿನದು ಸೇರಿ ನಾಲ್ಕು. ಮುಗಿಯಿತು.

ಫೆಬ್ರುವರಿ 10

ಸಂಜೆ ಕಾಕಾ ಅಂಗಡಿಗೆ ಬಂದ. ಸ್ಟೂಲ್ ಎಳೆದು ಕೂತು, "ನಿನ್ನಿ ಮೊನ್ನಿ ಎರಡೂ ದಿನ ನಂದು ಬರ್ಲಿಲ್ಲಲ್ಲೋ ತಮ್ಮಾ" ಎಂದ. ಲಾಗ್ ತೆರೆದು ತೋರಿಸಿದೆ. ಎರಡೂ ಸಾಲಿನ ಮುಂದೆ `drop 21:00`.

"ಅಂದ್ರೇನಿದು?"

"ಆಯುಷ್ಯ ಮುಗೀತು ಕಾಕಾ. ನಾಲ್ಕರಾಗ ಜಾಗ ಸಿಗಲಿಲ್ಲ."

ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡಿದ್ದೆ. "ಹಂಗಾರ ಒಂದ್ ಕೆಲಸ ಮಾಡು. ರೇಟಿನ ಪೋಸ್ಟ್ ಮತ್ತ ಮತ್ತ ತಿದ್ದತೀದಿಯಲ್ಲ, ಅದರ ಬುಡಕ್ಕ ಒಂದು ಸಾಲು ನಂದೂ ಬರಿ. ಯಾರ ಫೋನೂ ಒದರಂಗಿಲ್ಲ."

ಸೇಡಂ ರೇಟ್ ಬಂದಿತ್ತು, ಹೇಗೂ ತಿದ್ದಬೇಕಿತ್ತು. ಅದರ ಕೆಳಗೆ ಒಂದು ಗೆರೆ ಎಳೆದು, ತಾಡಪತ್ರಿಯ ಸಾಲು ಬರೆದು ಎಂಟರ್ ಒತ್ತಿದೆ. ಕಾಕಾ ತನ್ನ ಫೋನ್ ಕೈಯಲ್ಲಿ ಹಿಡಿದು, ಅದು ಸದ್ದು ಮಾಡುವುದೇ ಎಂದು ಕಾಯುತ್ತಾ ಕೂತ.